ರೂಮಿನಲ್ಲಿ ಆರು ಜನ, ಮನಸ್ಸು ಬಿಚ್ಚಲು ಒಬ್ಬರಿಲ್ಲ

ಗಲ್ಫ್‌ನಲ್ಲಿ ದುಡಿಯುವ ಗಂಡನೋ ಮಗನೋ ಅಣ್ಣನೋ ಫೋನ್ ಮಾಡಿದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಊಟ ಆಯಿತಾ, ಡ್ಯೂಟಿ ಹೇಗಿದೆ, ರಜೆ ಯಾವಾಗ. ಜತೆಗೆ ಯಾರಿದ್ದಾರೆ ಎಂದರೆ 'ರೂಮಿನಲ್ಲಿ ಆರು ಜನ, ಎಲ್ಲರೂ ನಮ್ಮ ಕಡೆಯವರೇ' ಎಂಬ ಉತ್ತರ ಬರುತ್ತದೆ. ನಮಗೂ ಸಮಾಧಾನವಾಗುತ್ತದೆ. ಆದರೆ ಸಾಲದ ಚಿಂತೆ, ಕೆಲಸ ಹೋಗುವ ಭಯ, ನಿದ್ದೆ ಬಾರದ ರಾತ್ರಿಯ ವಿಷಯವನ್ನು ಆ ಆರು ಜನರಲ್ಲಿ ಯಾರಿಗೆ ಹೇಳುತ್ತೀರಿ ಎಂದು ಕೇಳಿದರೆ ಹಲವರ ಬಳಿ ಉತ್ತರವಿಲ್ಲ.

ಇದು ನಮ್ಮವರಿಗೆ ಮಾತ್ರ ಅಂಟಿದ ಸಮಸ್ಯೆಯಲ್ಲ. ಅಮೆರಿಕದಲ್ಲಿ 2021ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ, ತಮಗೆ ಆಪ್ತ ಸ್ನೇಹಿತರೇ ಇಲ್ಲ ಎಂದ ಗಂಡಸರು ಶೇ. 15. ಅಲ್ಲಿ 1990ರಲ್ಲಿ ಹಾಗೆ ಹೇಳಿದವರು ಶೇ. 3 ಮಾತ್ರ.

ಮಾತು ಎಲ್ಲಿ ನಿಂತಿತು?

ಗಂಡಸರಿಗೆ ಆಪ್ತತೆ ಹುಟ್ಟಿನಿಂದಲೇ ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ನಯೋಬಿ ವೇ ಅಲ್ಲಿನ ಹುಡುಗರೊಂದಿಗೆ ವರ್ಷಗಟ್ಟಲೆ ಮಾತನಾಡಿ 2011ರಲ್ಲಿ ಒಂದು ಪುಸ್ತಕ ಬರೆದರು. ಹದಿಮೂರು, ಹದಿನಾಲ್ಕರ ಹುಡುಗರು ಗೆಳೆಯನ ಬಗ್ಗೆ ಪ್ರೀತಿಯಿಂದ ಮಾತನಾಡುತ್ತಿದ್ದರು, ಗುಟ್ಟು ಹಂಚಿಕೊಳ್ಳುತ್ತಿದ್ದರು. ಪ್ರೌಢಶಾಲೆ ಮುಗಿಯುವ ಹೊತ್ತಿಗೆ ಅವರಲ್ಲಿ ಅನೇಕರು ಹಿಂದೆ ಸರಿದಿದ್ದರು. 'ಹುಡುಗಿಯ ಹಾಗೆ' ಕಾಣುವ ಭಯ ಅವರನ್ನು ತಡೆದಿತ್ತು.

ನಮ್ಮಲ್ಲಿ ಕಥೆ ಸ್ವಲ್ಪ ಬೇರೆ. ನಮ್ಮ ಊರುಗಳಲ್ಲಿ ಗಂಡಸರು ಹೆಗಲ ಮೇಲೆ ಕೈ ಹಾಕಿ ನಡೆಯುತ್ತಾರೆ, ಕಟ್ಟೆಯ ಮೇಲೆ ಗಂಟೆಗಟ್ಟಲೆ ಕೂರುತ್ತಾರೆ. ಮನೆಯಲ್ಲಿ ಸಾವಾದರೆ ಗೆಳೆಯ ಹೇಳದೆಯೇ ಬಂದು ಅಡುಗೆಯಿಂದ ಕಟ್ಟಿಗೆಯವರೆಗೆ ಎಲ್ಲ ನೋಡಿಕೊಳ್ಳುತ್ತಾನೆ. ಅಲ್ಲಿ ಸ್ನೇಹ ನಡೆಯುವುದು ಜತೆಗಿರುವುದರ ಮೇಲೆ, ಮಾತಿನ ಮೇಲಲ್ಲ. ಪರದೇಶಕ್ಕೆ ಹೋದಾಗ ಆ ಕಟ್ಟೆ ತಪ್ಪಿಹೋಗುತ್ತದೆ. ಉಳಿಯುವುದು ಫೋನ್, ಅಂದರೆ ಬರೀ ಮಾತು. ಆ ಮಾತನ್ನೇ ನಮ್ಮ ಗಂಡುಮಕ್ಕಳು ರೂಢಿಸಿಕೊಂಡಿರುವುದಿಲ್ಲ.

ಜತೆಗೆ ಒಂದು ಗಲ್ಫ್ ಕಾರಣವೂ ಇದೆ. ರೂಮಿನಲ್ಲಿ ಆಡಿದ ಮಾತು ಸಂಜೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಊರು ತಲುಪುತ್ತದೆ. 'ಅವನ ಕೆಲಸ ಹೋಗುವ ಹಾಗಿದೆಯಂತೆ' ಎಂಬ ಸುದ್ದಿ ತಂಗಿಯ ಸಂಬಂಧ ಮಾತಾಡುವವರ ಕಿವಿಗೂ ಬೀಳಬಹುದು. ಹೀಗಾಗಿ ಬಾಯಿ ಮುಚ್ಚಿಕೊಂಡಿರುವುದೇ ಜಾಣತನ ಎನಿಸುತ್ತದೆ.

ಒಂದು ಲೆಕ್ಕ

ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಬಂದವರು ಸ್ನೇಹ ಬೆಳೆಸುವುದು ಹೇಗೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲೆಕ್ಕ ಹಾಕಿದರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹಿತ ಎನಿಸಿಕೊಳ್ಳಲು 90, ಆಪ್ತನಾಗಲು 200ಕ್ಕೂ ಹೆಚ್ಚು ಗಂಟೆ ಜತೆಗೆ ಕಳೆಯಬೇಕಾಗುತ್ತದೆ. ಆದರೆ ಬರೀ ಗಂಟೆ ಸಾಲದು. ಒಂದೇ ಕಡೆ ಕೆಲಸ ಮಾಡಿದ ಸಮಯಕ್ಕೆ ಬೆಲೆ ಕಡಿಮೆ. ಒಬ್ಬರನ್ನೊಬ್ಬರು ವಿಚಾರಿಸಿಕೊಂಡ, ನಕ್ಕ, ಮನಸ್ಸಿನ ಮಾತಾಡಿದ ಸಮಯಕ್ಕೆ ಬೆಲೆ ಹೆಚ್ಚು.

ಸೌದಿಯ ಜುಬೈಲ್‌ನಲ್ಲಿ ಇಬ್ಬರಿದ್ದಾರೆ ಎಂದುಕೊಳ್ಳೋಣ. ಒಬ್ಬರು ಕುಂದಾಪುರದವರು, ಇನ್ನೊಬ್ಬರು ದಾವಣಗೆರೆಯವರು. ಪ್ರತಿ ಶುಕ್ರವಾರ ಮೂರು ಗಂಟೆ ಕ್ರಿಕೆಟ್. ಎರಡು ವರ್ಷಕ್ಕೆ 300 ಗಂಟೆ ದಾಟುತ್ತದೆ. ಆದರೂ ಕುಂದಾಪುರದವರ ತಂದೆಗೆ ಬೈಪಾಸ್ ಆದದ್ದು ದಾವಣಗೆರೆಯವರಿಗೆ ತಿಳಿಯುವುದು ಹದಿನೈದು ದಿನದ ನಂತರ, ಅದೂ ಹೆಂಡತಿಯರ ಫೋನ್ ಮಾತಿನಿಂದ. ಏಕೆಂದರೆ ಆ ಗಂಟೆಗಳಲ್ಲಿ ಆಡಿದ್ದೆಲ್ಲ ಸ್ಕೋರು, ಸಂಬಳ, ರಾಜಕೀಯ.

ಹೆಗಲಿಗೆ ಹೆಗಲು, ಮೆಟ್ಟಿಲು ಮೆಟ್ಟಿಲಾಗಿ

ಗಂಡಸರಿಗೆ ಎದುರುಬದುರು ಕೂತು 'ಮನಸ್ಸು ಬಿಚ್ಚು' ಎಂದರೆ ಬಾಯಿ ಇನ್ನಷ್ಟು ಗಟ್ಟಿಯಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಬೆಳೆದು ಬಂದ 'ಮೆನ್ಸ್ ಶೆಡ್' ಎಂಬ ವ್ಯವಸ್ಥೆ ಇದನ್ನು ಅರಿತಿದೆ. ಅಲ್ಲಿ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡುತ್ತಾರೆ. ಕೈ ಕೆಲಸದಲ್ಲಿರುವಾಗ ಮಾತು ತಾನಾಗಿ ಬರುತ್ತದೆ. ನಮ್ಮವರಿಗೆ ಇದಕ್ಕೆ ಶೆಡ್ ಬೇಕಿಲ್ಲ. ಶುಕ್ರವಾರದ ಅಡುಗೆಗೆ ಇಬ್ಬರೇ ಈರುಳ್ಳಿ ಹೆಚ್ಚುವುದು, ಆಟ ಮುಗಿದ ಮೇಲೆ ಇಬ್ಬರೇ ನಡೆದು ಬರುವುದು ಸಾಕು. ಆರು ಜನರ ಗುಂಪಿನಲ್ಲಿ ಇದು ಆಗದು. ಗುಂಪಿನಲ್ಲಿ ಗೆಲ್ಲುವುದು ತಮಾಷೆ.

ಮೊದಲ ಮಾತು ನಮ್ಮದೇ ಆಗಿರಬೇಕು, ಚಿಕ್ಕದಾಗಿರಬೇಕು. ಮನಶ್ಶಾಸ್ತ್ರಜ್ಞ ಆರ್ಥರ್ ಏರನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರ ಜೋಡಿಗಳಿಗೆ 36 ಪ್ರಶ್ನೆ ಕೊಟ್ಟರು. ಹಗುರದಿಂದ ಶುರುವಾಗಿ ಆಳಕ್ಕೆ ಇಳಿಯುವ ಪ್ರಶ್ನೆಗಳು, ಇಬ್ಬರೂ ಉತ್ತರಿಸಬೇಕು. ಮುಕ್ಕಾಲು ಗಂಟೆಯಲ್ಲಿ ಅವರು ಬರೀ ಹರಟಿದ ಜೋಡಿಗಳಿಗಿಂತ ಹತ್ತಿರವಾದರು. ಇದರ ಗುಟ್ಟು ಎರಡೇ: ಒಂದೊಂದೇ ಮೆಟ್ಟಿಲು, ಮತ್ತು ಎರಡೂ ಕಡೆಯಿಂದ.

ಹಾಗಾಗಿ ದಾವಣಗೆರೆಯವರು 'ಯಾಕೆ ಡಲ್ ಇದ್ದೀಯಾ' ಎಂದು ಕೇಳುವ ಬದಲು, 'ಈ ವಾರ ನನಗೆ ಸರಿ ನಿದ್ದೆ ಇಲ್ಲ ಮಾರಾಯ, ಮಗಳ ಫೀಸ್ ತಲೆ ತಿಂತಿದೆ' ಎನ್ನಬಹುದು. ಕುಂದಾಪುರದವರು 'ನಂದೂ ಅದೇ ಕಥೆ, ಅಪ್ಪನಿಗೆ ಎದೆನೋವು' ಎಂದರೆ ಒಂದು ಮೆಟ್ಟಿಲು ಹತ್ತಿದಂತೆ. 'ಬಿಡು, ಎಲ್ಲ ಸರಿಹೋಗುತ್ತೆ' ಎಂದರೆ ಅಲ್ಲಿಗೆ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ಎರಡು ಮೂರು ಸಲವೂ ಒಂದೇ ಕಡೆಯ ಮಾತಾದರೆ ಆ ವ್ಯಕ್ತಿ ಕ್ರಿಕೆಟ್ ಗೆಳೆಯನಾಗಿಯೇ ಇರಲಿ, ಬೇರೆಯವರನ್ನು ನೋಡಬೇಕು.

ಹೆಚ್ಚಿನವರು ಎಡವುವುದು ಉತ್ತರ ಕೊಡುವಲ್ಲಿ. ಅಪ್ಪನಿಗೆ ಎದೆನೋವು ಎಂದ ಕೂಡಲೇ ಗಂಡಸರು ಒಳ್ಳೆಯ ಡಾಕ್ಟರ ಹೆಸರು ಹೇಳುತ್ತಾರೆ. ಅದು ಸಹಾಯವೇ, ಆದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮೊದಲು 'ನೀನು ಇಲ್ಲಿ, ಅವರು ಅಲ್ಲಿ. ಕಷ್ಟ ಆಗ್ತಿರಬೇಕಲ್ಲ?' ಎಂದು ಕೇಳಿ ಸುಮ್ಮನಿರಬೇಕು. ಡಾಕ್ಟರ ಹೆಸರು ಆಮೇಲೆ. ನಾಲ್ಕು ದಿನ ಬಿಟ್ಟು 'ಅಪ್ಪ ಹೇಗಿದ್ದಾರೆ?' ಎಂದು ತಾವಾಗಿ ವಿಚಾರಿಸಬೇಕು. ಮುಂದಿನ ಸಲ ಆತ ಕೇಳುವ ಮೊದಲೇ ಹೇಳಿದರೆ ಸ್ನೇಹ ಗಟ್ಟಿಯಾಗುತ್ತಿದೆ ಎಂದು ತಿಳಿಯಬಹುದು.

ಮನೆಯವರ ಪಾಲು

ಊರಿನಲ್ಲಿರುವ ನಾವು ಮೊದಲು ಮಾಡಬೇಕಾದದ್ದು ಗುಟ್ಟು ಕಾಯುವುದು. ಗೆಳೆಯನ ಕಷ್ಟವನ್ನು ಗಂಡ ಹೇಳಿದರೆ, ಅದನ್ನು ಆ ಗೆಳೆಯನ ಹೆಂಡತಿಗೂ ದಾಟಿಸಬಾರದು. ಒಂದು ಸಲ ಸೋರಿದರೆ ಇಬ್ಬರ ನಡುವಿನ ಬಾಗಿಲು ಮತ್ತೆ ತೆರೆಯುವುದು ಕಷ್ಟ.

ಎರಡನೆಯದು, ಗೆಳೆಯರಿಗೆ ಸಮಯ ಬಿಡುವುದು. ವಾರದ ರಜೆಯನ್ನೆಲ್ಲ ವಿಡಿಯೋ ಕಾಲ್‌ನಲ್ಲೇ ಕಳೆಯಬೇಕು ಎಂದು ಹಟ ಹಿಡಿದರೆ ಆ 200 ಗಂಟೆ ಕೂಡುವುದೇ ಇಲ್ಲ. ಎಲ್ಲ ಭಾರ ಹೆಂಡತಿಯೊಬ್ಬಳ ಮೇಲೆ ಬೀಳುತ್ತದೆ. ಅವಳಿಗೆ ಹೇಳಿದರೆ ಚಿಂತೆ ಮಾಡುತ್ತಾಳೆಂದು ಅದನ್ನೂ ನುಂಗಿಕೊಳ್ಳುವವರೇ ಹೆಚ್ಚು. 'ಈ ವಾರ ಅವರ ಜತೆ ಎಲ್ಲಿಗೆ ಹೋಗಿದ್ರಿ?' ಎಂದು ಕೇಳಿದರೆ ಸಾಕು.

ಗೆಳೆತನಕ್ಕೂ ಮಿತಿಯಿದೆ. ಎರಡು ವಾರ ಮೀರಿ ನಿದ್ದೆ, ಊಟ ಸೇರದಿದ್ದರೆ, ಫೋನ್ ಎತ್ತದಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಒಂದೇ ಒಂದು ಸಲ ಬಂದರೂ ವೈದ್ಯರ ಬಳಿ ಹೋಗಲೇಬೇಕು. ಅಂಥ ಹೊತ್ತಿನಲ್ಲಿ ಜತೆಗೆ ಕರೆದೊಯ್ಯುವವನು ಅಲ್ಲಿರುವ ಗೆಳೆಯನೇ. ಅವರಿಗೆ ಏನು ಹೇಳಬೇಕೆಂದು ತೋಚದಿದ್ದರೆ ಊರಿನಲ್ಲಿರುವವರು ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು. ಜತೆಯಲ್ಲಿರುವ ಒಬ್ಬ ಗೆಳೆಯನ ಫೋನ್ ನಂಬರನ್ನು ಇಂದೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.