ಬೆಳ್ಳಿಗೂದಲಿನ ಗಿಡ್ಡ ಕಟ್: ಅಂಚು ಮೃದು, ಮೈ ನುಣುಪು

ಕಪ್ಪು ಕೂದಲು ಹೊಳೆಯುವ ಬಗೆ ಬೇರೆ, ಬಿಳಿ ಕೂದಲು ಹೊಳೆಯುವ ಬಗೆ ಬೇರೆ. ಕಪ್ಪು ಕೂದಲಿನ ಒಳಗೆ ಹೋದ ಬೆಳಕನ್ನು ಮೆಲನಿನ್ ಕಣಗಳು ಹೀರಿಕೊಳ್ಳುತ್ತವೆ. ಮೇಲ್ಮೈಗೆ ತಾಗಿ ಹಿಂದಿರುಗಿದ ಬೆಳಕು ಮಾತ್ರ ಕಪ್ಪು ಹಿನ್ನೆಲೆಯಲ್ಲಿ ಪಟ್ಟಿಯಾಗಿ ಎದ್ದು ಕಾಣುತ್ತದೆ. ಬಿಳಿ ಕೂದಲಿನಲ್ಲಿ ಮೆಲನಿನ್ ಇಲ್ಲದ ಕಾರಣ ಒಳಹೊಕ್ಕ ಬೆಳಕೂ ಚದುರಿ ಹೊರಬರುತ್ತದೆ, ಆ ಬಿಳುಪಿನಲ್ಲಿ ಮೇಲ್ಮೈಯ ಹೊಳಪು ಮುಳುಗಿಹೋಗುತ್ತದೆ. ಜೊತೆಗೆ ಮುಟ್ಟು ನಿಂತ ಮೇಲೆ ನೆತ್ತಿಯ ಚರ್ಮದಲ್ಲಿ ಎಣ್ಣೆಯಂಶ ಒಸರುವುದೂ ಕಡಿಮೆಯಾಗುತ್ತದೆ. ಹೀಗಾಗಿ ಬಿಳಿ ಕೂದಲು ಹೊಳೆಯಬೇಕಾದರೆ ಎಳೆಗಳು ಒಂದೇ ದಿಕ್ಕಿಗೆ ನುಣುಪಾಗಿ ಮಲಗಬೇಕು, ಅವುಗಳ ಮೇಲೆ ಹಳದಿಯಾಗಲಿ ಮಾಸಲಾಗಲಿ ಕೂರಬಾರದು. ಮೊದಲನೆಯದು ಕತ್ತರಿಯ ಕೆಲಸ, ಎರಡನೆಯದು ಬಚ್ಚಲಮನೆಯದು.

ಎಳೆ ತೆಳ್ಳಗಿದ್ದರೆ ಇನ್ನೊಂದು ತೊಡಕು ಸೇರುತ್ತದೆ. ನಮ್ಮ ಕಡೆಯವರ ನೆತ್ತಿಯ ಚರ್ಮ ಕಂದು. ಕೂದಲು ಕಪ್ಪಗಿರುವಾಗ ಎಳೆಗಳ ನಡುವಿನ ಚರ್ಮ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕೂದಲು ಬೆಳ್ಳಗಾದ ಮೇಲೆ ಬೈತಲೆ, ಸುಳಿ, ಕಿವಿಯ ಹಿಂಬದಿ ಎಲ್ಲವೂ ಬಿಳಿಯ ನಡುವೆ ಕಂದು ಗೆರೆಗಳಾಗಿ ತೋರುತ್ತವೆ. ಉದುರುವಿಕೆ ಹೆಚ್ಚದಿದ್ದರೂ ‘ಕೂದಲೆಲ್ಲ ಹೋಯಿತು’ ಎನಿಸಲು ಎಷ್ಟೋ ಸಲ ಇದೇ ಕಾರಣ. ನಡುಬೈತಲೆಯನ್ನು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ, ಗೆರೆಯನ್ನು ನೇರವಾಗಿಡದೆ ತುಸು ಅಂಕುಡೊಂಕಾಗಿ ತೆಗೆದರೆ ಅರ್ಧ ಸಮಸ್ಯೆ ಅಲ್ಲೇ ಮರೆಯಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನಲ್ಲಿರುವ ನಿವೃತ್ತ ಅಧ್ಯಾಪಕಿಯೊಬ್ಬರಿಗೆ ವಯಸ್ಸು 66. ಕೂದಲು ಪೂರ್ತಿ ಬಿಳಿ, ಎಳೆ ತೆಳು. ಉದ್ದ ಜಡೆ ಸಾಕಾಗಿ ಪಾರ್ಲರಿನಲ್ಲಿ ಬಾಯ್ ಕಟ್ ಮಾಡಿಸಿಕೊಂಡಿದ್ದಾರೆ. ಕತ್ತಿನ ಹಿಂದೆ ಮಶೀನು ಆಡಿಸಿ ಅಡ್ಡಗೆರೆ ಹೊಡೆದಂತಿದೆ, ಕಿವಿಯ ಸುತ್ತ ಚರ್ಮ ಕಾಣುವಷ್ಟು ಕತ್ತರಿಸಲಾಗಿದೆ, ಹಣೆ ಪೂರ್ತಿ ಬಯಲಾಗಿದೆ. ಮುಖ ಬಿರುಸಾಗಿ ಕಾಣುತ್ತದೆ. ಇದನ್ನು ಮೃದುಗೊಳಿಸಿ ಎಂದರೆ ಬಹಳ ಪಾರ್ಲರುಗಳಲ್ಲಿ ಕೈ ಹೋಗುವುದು ಹಲ್ಲಿನ ಕತ್ತರಿಗೆ, ಅಂದರೆ ಕೂದಲನ್ನು ತೆಳುವಾಗಿಸುವ ಕತ್ತರಿಗೆ. ತಪ್ಪುವುದು ಇಲ್ಲೇ. ದಟ್ಟ ಕೂದಲಿಗೆ ಆ ಕತ್ತರಿ ಸರಿ. ತೆಳು ಕೂದಲಿನಲ್ಲಿ ಅದು ಒಳಗೆಲ್ಲ ಮೋಟು ಎಳೆಗಳನ್ನು ಉಳಿಸುತ್ತದೆ, ಅವು ಹತ್ತು ದಿನದಲ್ಲಿ ಸೆಟೆದು ಮೇಲಿನ ಪದರವನ್ನು ಎತ್ತಿ ಹಿಡಿಯುತ್ತವೆ. ಆಗ ಬೆಳಕು ದಿಕ್ಕಿಗೊಂದರಂತೆ ಚದುರಿ ತಲೆಯೆಲ್ಲ ಮಬ್ಬಾಗುತ್ತದೆ. ರೇಜರಿನಿಂದ ಸವರಿದರೂ ತುದಿಗಳು ಸೀಳಿ ಇದೇ ಪಾಡಾಗುತ್ತದೆ.

ಅಂಚನ್ನು ಮಾತ್ರ ಮುರಿದು ಮೈಯನ್ನು ಹಾಗೇ ಬಿಡುವುದೇ ಸರಿಯಾದ ದಾರಿ. ನೆತ್ತಿಯ ಮೇಲಿನ ಕೂದಲು ಆರರಿಂದ ಎಂಟು ಸೆಂಟಿಮೀಟರ್ ಇದ್ದರೆ ತನ್ನ ಭಾರಕ್ಕೇ ಮಲಗುತ್ತದೆ. ಅದಕ್ಕಿಂತ ಗಿಡ್ಡವಾದರೆ ನಿಲ್ಲುತ್ತದೆ, ತುಂಬ ಉದ್ದವಾದರೆ ಚಪ್ಪಟೆಯಾಗಿ ಅಂಟುತ್ತದೆ. ಈ ಭಾಗವನ್ನು ಹರಿತವಾದ ಕತ್ತರಿಯಿಂದ ನೇರವಾಗಿ ಕತ್ತರಿಸಿ, ಪದರಗಳ ನಡುವಿನ ಅಂತರ ಕಡಿಮೆ ಇಡಬೇಕು. ಕತ್ತಿನ ಹಿಂದೆ ಮಶೀನಿನ ಬದಲು ಬಾಚಣಿಗೆಯ ಮೇಲೆ ಕತ್ತರಿ ಆಡಿಸಿದರೆ ಅಡ್ಡಗೆರೆಯಿಲ್ಲದೆ ಕೂದಲು ಕೆಳಗಿಳಿಯುತ್ತಾ ತೆಳುವಾಗುತ್ತದೆ. ಹಣೆ, ಕಿವಿ, ಕತ್ತು, ಈ ಮೂರು ಕಡೆಯ ಅಂಚಿನಲ್ಲಿ ಮಾತ್ರ ಕತ್ತರಿಯನ್ನು ಲಂಬವಾಗಿ ಹಿಡಿದು ತುದಿಗಳನ್ನು ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಚುಚ್ಚಿ ತೆಗೆಯಬೇಕು. ಕಿವಿಯ ಮುಂದೆ ಬೆರಳಗಲದ ಕುಚ್ಚು ಬಿಟ್ಟರೆ ದವಡೆಯ ಗೆರೆ ಮೆದುವಾಗುತ್ತದೆ, ಹುಬ್ಬಿನ ಮೇಲೆ ಓರೆಯಾಗಿ ಇಳಿಬಿಟ್ಟ ಮುಂಗೂದಲು ಹಣೆಯ ಬಯಲನ್ನು ಮುಚ್ಚುತ್ತದೆ. ಒದ್ದೆ ಕೂದಲು ಉದ್ದವಾಗಿ ಕಾಣುವುದರಿಂದ ಮುಂಗೂದಲಿನ ಕೊನೆಯ ತಿದ್ದುಪಡಿ ಒಣಗಿದ ಮೇಲೆಯೇ ಆಗಬೇಕು.

ಈಗಾಗಲೇ ಮೋಟಾಗಿರುವ ಅಧ್ಯಾಪಕಿಯ ತಲೆಯಲ್ಲಿ ಇದೆಲ್ಲ ಒಂದೇ ದಿನಕ್ಕೆ ಆಗುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೊದಲ ಸಲ ಕತ್ತಿನ ಗೆರೆಯನ್ನಷ್ಟೇ ಮುರಿದು, ಕಿವಿ ಮತ್ತು ಹಣೆಯ ಕಡೆ ಕತ್ತರಿ ತಾಗಿಸದೆ ಬಿಟ್ಟರೆ ಎರಡು ತಿಂಗಳಲ್ಲಿ ಕುಚ್ಚಿಗೆ ಬೇಕಾದಷ್ಟು ಕೂದಲು ಸಿಗುತ್ತದೆ. ಆಮೇಲೆ ಐದಾರು ವಾರಕ್ಕೊಮ್ಮೆ ಅಂಚು ತಿದ್ದಿಸಿದರೆ ಸಾಕು.

ಇನ್ನು ಹಳದಿ. ಬಿಸಿಲು, ಬಿಸಿ ಗಾಳಿಯ ಡ್ರೈಯರ್, ನೀರಿನಲ್ಲಿರುವ ಕಬ್ಬಿಣದಂಶ, ಬಣ್ಣವಿರುವ ತಲೆಯೆಣ್ಣೆ, ಹೊಗೆ, ಎಲ್ಲವೂ ಬಿಳಿ ಕೂದಲನ್ನು ಹಳದಿ ಮಾಡಬಲ್ಲವು. ಕಪ್ಪು ಕೂದಲಿದ್ದ ಕಾಲಕ್ಕೆ ಒಗ್ಗಿದ್ದ ಸೀಗೆಪುಡಿಯೂ ಬಿಳಿಯ ಮೇಲೆ ಕಂದು ಛಾಯೆ ಉಳಿಸುತ್ತದೆ, ಮೆಹೆಂದಿಯಂತೂ ನೇರ ಕಿತ್ತಳೆ. ಹಳದಿ ಮೇಲೆ ಕೂತದ್ದೋ ಒಳಗಿಳಿದದ್ದೋ ಎಂದು ತಿಳಿಯುವುದು ಸುಲಭ: ಇಡಿಟಿಎ ಇರುವ, ಲವಣ ಮತ್ತು ಜಿಡ್ಡನ್ನು ತೆಗೆಯುವ ಶಾಂಪೂವಿನಿಂದ ಒಮ್ಮೆ ಚೆನ್ನಾಗಿ ತೊಳೆದು ನೋಡುವುದು. ಬಿಳುಪು ಮರಳಿದರೆ ಅದು ಮೇಲಿನ ಕೊಳೆ, ತಿಂಗಳಿಗೊಮ್ಮೆ ಹೀಗೆ ತೊಳೆದರೆ ಸಾಕು. ಮುಂಭಾಗ ಮತ್ತು ನೆತ್ತಿ ಹಳದಿಯಾಗೇ ಉಳಿದರೆ ಬಿಸಿಲು ಕೂದಲನ್ನೇ ಬದಲಿಸಿದೆ ಎನ್ನಬಹುದು. ಅದು ತೊಳೆದರೆ ಹೋಗುವುದಿಲ್ಲ, ನೇರಳೆ ಶಾಂಪೂ ಅದನ್ನು ಮರೆಸಬಹುದು ಅಷ್ಟೆ.

ನೇರಳೆ ಬಣ್ಣ ಹಳದಿಯ ಎದುರಿನದು, ಹಾಗಾಗಿ ಒಂದನ್ನೊಂದು ಅಳಿಸುತ್ತವೆ. ಈ ಶಾಂಪೂವನ್ನು ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ, ಒದ್ದೆ ಕೂದಲಿಗೆ ಹಚ್ಚಿ ಎರಡು ಮೂರು ನಿಮಿಷಕ್ಕೇ ತೊಳೆಯಬೇಕು. ‘ಇನ್ನೂ ಸ್ವಲ್ಪ ಹೊತ್ತು ಇರಲಿ’ ಎಂದು ಬಿಟ್ಟರೆ ಬಳಲಿದ ತುದಿಗಳು ಮೊದಲು ಬಣ್ಣ ಹೀರಿ ತಿಳಿನೇರಳೆಯಾಗುತ್ತವೆ. ಹಾಗಾದರೆ ಗಾಬರಿ ಬೇಡ, ಎರಡು ಮೂರು ಸಲ ಮಾಮೂಲಿ ಶಾಂಪೂ ಹಾಕಿದರೆ ಇಳಿಯುತ್ತದೆ. ಹಳದಿ ಇಲ್ಲದ ತಲೆಗೆ ಇದನ್ನು ಹಾಕುವುದು ವ್ಯರ್ಥ, ಕೂದಲು ಬೂದುಗಟ್ಟುತ್ತದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಹೊಳಪಿಗೆ ದೊಡ್ಡ ಶತ್ರು ಗಡಸು ನೀರೇ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತಿದ್ದರೆ, ಸೋಪು ನೊರೆ ಬಾರದಿದ್ದರೆ, ಅದೇ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂದಲಿನ ಮೇಲೂ ಕೂರುತ್ತಿದೆ ಎಂದರ್ಥ. ಸ್ನಾನಕ್ಕೆಲ್ಲ ಶುದ್ಧ ನೀರು ಬಳಸಬೇಕಿಲ್ಲ. ಗಿಡ್ಡ ಕೂದಲಾದ್ದರಿಂದ ಕೊನೆಯ ಒಂದು ಲೀಟರ್ ಮಾತ್ರ ಆರ್‌ಓ ನೀರೋ ಹಿಡಿದಿಟ್ಟ ಮಳೆನೀರೋ ಆದರೆ ನಡೆಯುತ್ತದೆ. ಅದಕ್ಕೆ ಒಂದು ದೊಡ್ಡ ಚಮಚ ಬಿಳಿ ವಿನೆಗರ್ ಸೇರಿಸಿದರೆ ಆಮ್ಲೀಯ ನೀರಿನಲ್ಲಿ ಎಳೆಯ ಮೇಲಿನ ಚಿಕ್ಕ ಚಿಕ್ಕ ಪೊರೆಗಳು ಒತ್ತಾಗಿ ಮಲಗುತ್ತವೆ. ಚರ್ಮ ಉರಿಯುವವರು ಇದನ್ನು ಬಿಡಬೇಕು.

ಎಣ್ಣೆ ಬೇಕೇ ಎಂದರೆ ಬೇಕು, ಆದರೆ ಸ್ನಾನಕ್ಕೆ ಮೊದಲು. ಕೊಬ್ಬರಿ ಎಣ್ಣೆ ಕೂದಲಿನ ಒಳಗಿಳಿಯುವ ಗುಣವುಳ್ಳದ್ದು, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಅದು ಕಡಿಮೆ ಮಾಡುತ್ತದೆ. ಬಣ್ಣವಿಲ್ಲದ, ಗಿಡಮೂಲಿಕೆ ಬೆರೆಸದ ಎಣ್ಣೆ ಅರ್ಧ ಚಮಚ, ಒಂದು ಗಂಟೆ ಸಾಕು. ತಲೆ ತೊಳೆದ ಮೇಲೆ ಕಂಡೀಷನರನ್ನು ಕಡಲೆಕಾಳಿನಷ್ಟು ಮಾತ್ರ, ಬುಡ ಬಿಟ್ಟು ತುದಿಗೆ. ತೆಳು ಕೂದಲಿಗೆ ಬುಡದಲ್ಲಿ ಜಿಡ್ಡು ಸೇರಿದರೆ ಎಳೆಗಳು ಗುಂಪುಗಟ್ಟಿ ನೆತ್ತಿ ಮತ್ತೆ ಬಯಲಾಗುತ್ತದೆ. ಟವೆಲ್ಲಿನಿಂದ ಉಜ್ಜದೆ ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ, ಕೂದಲು ಮಲಗಬೇಕಾದ ದಿಕ್ಕಿಗೇ ಬೆರಳಾಡಿಸುತ್ತ ಒಣಗಿಸಬೇಕು. ಡ್ರೈಯರ್ ಬೇಕೆನಿಸಿದರೆ ಗೇಣು ದೂರದಿಂದ, ತಣ್ಣನೆಯ ಅಥವಾ ಉಗುರುಬೆಚ್ಚಗಿನ ಗಾಳಿ.

ಇವೆಲ್ಲ ಇರುವ ಕೂದಲನ್ನು ಚೆನ್ನಾಗಿ ತೋರಿಸುವ ಕ್ರಮಗಳೇ ಹೊರತು ಕೂದಲು ಹುಟ್ಟಿಸುವವಲ್ಲ. ಕೆಲವೇ ತಿಂಗಳಲ್ಲಿ ಬೈತಲೆ ಅಗಲವಾಗುತ್ತ ಹೋದರೆ, ಬಾಚಣಿಗೆಗೆ ಹಿಡಿ ಹಿಡಿಯಾಗಿ ಕೂದಲು ಬಂದರೆ, ಥೈರಾಯ್ಡ್ ಮತ್ತು ಕಬ್ಬಿಣದಂಶದ ಪರೀಕ್ಷೆಗಾಗಿ ಪಾರ್ಲರಿಗಿಂತ ಮೊದಲು ಚರ್ಮವೈದ್ಯರನ್ನು ಕಾಣಬೇಕು.