ಗೋಲ್‌ಕೀಪರ್ ಗ್ಲೌಸ್: ಹಿಡಿತವೆಲ್ಲ ಅಂಗೈಯ ಫೋಮ್‌ನಲ್ಲಿ

ಅಂಗಡಿಯಲ್ಲಿ ಗೋಲ್‌ಕೀಪರ್ ಗ್ಲೌಸ್ ಕೈಗೆ ಬಂದ ಕೂಡಲೇ ಅದರ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿರುವುದು ಲೇಟೆಕ್ಸ್ ಫೋಮ್, ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪ. ಅದು ಮೆದುವಾಗಿ ಅಂಟಂಟಾಗಿದ್ದರೆ ಚೆಂಡು ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿಯಾಗಿದ್ದರೆ ಹಿಡಿತ ಕಡಿಮೆ, ಬಾಳಿಕೆ ಹೆಚ್ಚು. ಇವೆರಡೂ ಪೂರ್ತಿಯಾಗಿ ಒಂದೇ ಗ್ಲೌಸ್‌ನಲ್ಲಿ ಸಿಗುವುದಿಲ್ಲ.

ಹಾಗಾಗಿ ಮೊದಲು ಯೋಚಿಸಬೇಕಾದದ್ದು ಆಡುವ ನೆಲದ ಬಗ್ಗೆ. ನಮ್ಮಲ್ಲಿ ಹೆಚ್ಚಿನವರು ಆಡುವುದು ಕೆಮ್ಮಣ್ಣಿನ ಮೈದಾನದಲ್ಲಿ, ಇಲ್ಲವೇ ಬಾಡಿಗೆಯ ಕೃತಕ ಹುಲ್ಲಿನ ಟರ್ಫ್‌ನಲ್ಲಿ. ಎರಡೂ ಲೇಟೆಕ್ಸನ್ನು ಉಜ್ಜಿ ತೆಗೆಯುತ್ತವೆ. ಅಲ್ಲಿನ ಅಭ್ಯಾಸಕ್ಕೆ ದುಬಾರಿಯ ಮೆದು ಗ್ಲೌಸ್ ಹಾಕುವುದು ದುಡ್ಡು ದಂಡ. ಗಟ್ಟಿ ಅಂಗೈಯ ಒಂದು ಜೊತೆಯನ್ನು ಅಭ್ಯಾಸಕ್ಕಿಟ್ಟು, ಮೆದುವಾದದ್ದನ್ನು ಪಂದ್ಯಕ್ಕೆ ಉಳಿಸಿಕೊಳ್ಳಿ.

ಇನ್ನು ಕಟ್, ಅಂದರೆ ಬೆರಳಿನ ಹೊಲಿಗೆಯ ಬಗೆ. ಫ್ಲಾಟ್ ಕಟ್‌ನಲ್ಲಿ ಅಂಗೈಯ ಫೋಮ್ ಒಂದೇ ಚಪ್ಪಟೆ ಹಾಳೆ, ಹೊಲಿಗೆ ಹೊರಗೆ, ಬೆರಳು ಸಡಿಲವಾಗಿರುತ್ತದೆ. ರೋಲ್ ಫಿಂಗರ್‌ನಲ್ಲಿ ಫೋಮ್ ಬೆರಳಿನ ಪಕ್ಕಕ್ಕೂ ಸುತ್ತಿಕೊಂಡಿರುವುದರಿಂದ ಚೆಂಡು ಬೆರಳಂಚಿಗೆ ತಗುಲಿದರೂ ಲೇಟೆಕ್ಸೇ ಸಿಗುತ್ತದೆ. ನೆಗೆಟಿವ್ ಕಟ್‌ನಲ್ಲಿ ಹೊಲಿಗೆ ಒಳಗಿದ್ದು, ಗ್ಲೌಸ್ ಕೈಗೆ ಬಿಗಿಯಾಗಿ ಕೂರುತ್ತದೆ. ಸಪೂರ ಬೆರಳಿನವರಿಗೆ ನಾನು ಹೇಳುವುದು ಇದನ್ನೇ. ದಪ್ಪ ಬೆರಳಿನವರಿಗೆ ಮಾತ್ರ ಇದು ಹಿಂಸೆ. ಅವರಿಗೆ ಫ್ಲಾಟ್ ಕಟ್ಟೇ ಸುಖ.

ಅಳತೆಗೆ ಹೆಬ್ಬೆರಳು ಬಿಟ್ಟು, ಅಂಗೈಯ ಅತಿ ಅಗಲದ ಜಾಗಕ್ಕೆ ಟೇಪು ಸುತ್ತಿ. ಏಳೂವರೆ ಇಂಚು ಬಂತೆನ್ನಿ. ಅದನ್ನು 8 ಎಂದು ಹಿಡಿದು ಒಂದು ಕೂಡಿಸಿದರೆ ಸಿಗುವ 9 ನಿಮ್ಮ ಅಂದಾಜು ಸೈಜು. ಕಂಪನಿಯಿಂದ ಕಂಪನಿಗೆ ಇದು ತುಸು ಬದಲಾಗುವುದರಿಂದ ಹಾಕಿ ನೋಡಿಯೇ ಕೊಳ್ಳಿ. ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರಿನಷ್ಟು ಜಾಗ ಉಳಿಯಬೇಕು.

ಹೊಸ ಗ್ಲೌಸ್ ಜಾರುತ್ತದೆಂದು ಬೇಸರಪಡಬೇಡಿ. ತಯಾರಿಕೆಯ ರಾಸಾಯನಿಕ ಅಂಗೈ ಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒಮ್ಮೆ ತೊಳೆದರೆ ಹೋಗುತ್ತದೆ. ಆಡುವ ಮುನ್ನವೂ ಅಂಗೈಯನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಿ. ಒಣಗಿದ ಲೇಟೆಕ್ಸ್‌ಗೆ ಹಿಡಿತವೂ ಕಡಿಮೆ, ಅದು ಹರಿಯುವುದೂ ಬೇಗ.

ಆಟ ಮುಗಿದ ಮೇಲೆ ಮಣ್ಣು ಫೋಮ್‌ನ ರಂಧ್ರಗಳಲ್ಲಿ ಕೂತಿರುತ್ತದೆ. ಗ್ಲೌಸನ್ನು ಕೈಗೆ ಹಾಕಿಕೊಂಡೇ ನಲ್ಲಿಯ ಕೆಳಗೆ ಹಿಡಿದು, ಗ್ಲೌಸ್ ವಾಶ್ ಅಥವಾ ಒಂದೆರಡು ಹನಿ ಬೇಬಿ ಶಾಂಪೂ ಹಾಕಿ, ಅಂಗೈಗೆ ಅಂಗೈ ಮೆಲ್ಲಗೆ ತಿಕ್ಕಿ. ಬ್ರಷ್, ಬಟ್ಟೆ ಸೋಪಿನ ಪುಡಿ, ವಾಷಿಂಗ್ ಮಷಿನ್ ಬೇಡ. ನೊರೆ ಪೂರ್ತಿ ಹೋದ ಮೇಲೆ ಹಿಂಡದೆ, ಟವೆಲ್ಲಿನ ನಡುವೆ ಒತ್ತಿ ನೀರು ತೆಗೆದು ನೆರಳಿನಲ್ಲಿ ನೇತುಹಾಕಿ. ಬಿಸಿಲಿಗೆ ಒಡ್ಡಿದರೆ ಲೇಟೆಕ್ಸ್ ಹಳದಿಯಾಗಿ, ಗಡುಸಾಗಿ, ಬಿರುಕು ಬಿಡುತ್ತದೆ, ಮತ್ತೆ ಸರಿಹೋಗದು.

ಎತ್ತಿಡುವಾಗ ಎರಡೂ ಅಂಗೈಗಳು ಒಂದಕ್ಕೊಂದು ತಾಗಬಾರದು. ಅಂಟಿಕೊಂಡರೆ ಬಿಡಿಸುವಾಗ ಫೋಮ್ ಚೂರುಚೂರಾಗಿ ಕಿತ್ತು ಬರುತ್ತದೆ. ನಡುವೆ ತೆಳು ಪ್ಲಾಸ್ಟಿಕ್ ಹಾಳೆಯಿಟ್ಟು, ಗಾಳಿಯಾಡುವ ಚೀಲಕ್ಕೆ ಹಾಕಿ. ಬೆವರಿನ ಗ್ಲೌಸನ್ನು ಶೂ ಜೊತೆ ಕಿಟ್ ಬ್ಯಾಗಿನಲ್ಲಿ ಮುಚ್ಚಿಟ್ಟರೆ, ಮಳೆಗಾಲದಲ್ಲಂತೂ, ವಾರದೊಳಗೆ ಬೂಸ್ಟು ಬರುತ್ತದೆ.