ಮಲ್ಪೆ‘ಗೆ’ ತಲುಪುವಾಗ ತಪ್ಪುವ ಇಂಗ್ಲಿಷ್

ಕಟಪಾಡಿಯ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ಹೀಗೆ ಬರೆದನೆನ್ನೋಣ: ‘ಮೈ ಫಾದರ್ ಈಸ್ ಫಿಶರ್‌ಮನ್. ಹಿ ರೀಚಸ್ ಟು ಮಲ್ಪೆ ಅರ್ಲಿ.’ ಎರಡು ವಾಕ್ಯ, ಎರಡು ತಪ್ಪು. ಎರಡರ ಬೇರೂ ಕನ್ನಡದಲ್ಲಿದೆ.

‘ತಂದೆ ಮೀನುಗಾರ’ ಎಂದರೆ ನಮಗೆ ಸಾಕು. ಇಂಗ್ಲಿಷಿನಲ್ಲಿ ಎಣಿಸಬಹುದಾದ ವಸ್ತು ಅಥವಾ ವ್ಯಕ್ತಿಯ ಏಕವಚನ ಸಾಮಾನ್ಯವಾಗಿ ಒಂಟಿಯಾಗಿ ನಿಲ್ಲದು. ‘ಎ ಫಿಶರ್‌ಮನ್’ ಎನ್ನಬೇಕು. ‘ಫಾದರ್’ ಹಿಂದೆ ‘ಮೈ’ ಇರುವುದರಿಂದ ಅಲ್ಲಿ ‘ಎ’ ಬೇಡ.

‘ಮಲ್ಪೆಗೆ’ ಎಂಬಲ್ಲಿನ ‘ಗೆ’ ಪ್ರತ್ಯಯವೇ ‘ಟು’ ಆಗಿ ನುಸುಳಿದೆ. ‘ಗೋಸ್ ಟು ಮಲ್ಪೆ’ ಸರಿ; ಆದರೆ ‘ರೀಚ್’ಗೆ ‘ಟು’ ಬೇಡ. ಹಾಗೆಯೇ ‘ಬಗ್ಗೆ ಚರ್ಚಿಸು’ ಎಂಬುದಕ್ಕೆ ‘ಡಿಸ್ಕಸ್’ ಸಾಕು, ‘ಎಬೌಟ್’ ಬೇಡ.

ಬರೆದಾದ ಮೇಲೆ ಎರಡು ಬಾರಿ ಓದಿ: ಮೊದಲು ನಾಮಪದಗಳನ್ನಷ್ಟೇ, ಬಳಿಕ ಕ್ರಿಯಾಪದಗಳನ್ನಷ್ಟೇ ನೋಡಿ.